ಪಾಲುಪಟ್ಟಿ ಒರಿಜಿನಲ್ ಕಳೆದೋಗಿದೆ, ಜೆರಾಕ್ಸ್ ಮಾತ್ರ ಇದೆ: ಕೋರ್ಟಲ್ಲಿ ಏನ್ಮಾಡ್ಬೇಕು? ಅನುಭವ ಇರೋರು ಹೇಳಿ

ಸಕಲೇಶಪುರ ತೋಟದವ:
ನಮ್ಮಪ್ಪ, ಚಿಕ್ಕಪ್ಪ 1987ರಲ್ಲಿ ಊರಿನ ಹಿರಿಯರ ಮುಂದೆ ಪಾಲು ಮಾಡ್ಕೊಂಡು ಪಾಲುಪಟ್ಟಿ ಬರೆಸಿದ್ರು, ರಿಜಿಸ್ಟರ್ ಆಗಿಲ್ಲ. ಒರಿಜಿನಲ್ ಖಾತೆ ಮಾಡ್ಸೋಕೆ ತಾಲ್ಲೂಕು ಆಫೀಸಿಗೆ ಕೊಟ್ಟಿದ್ದು ಅಂತ ಮನೇಲಿ ಹೇಳ್ತಾರೆ, ವಾಪಸ್ ಬಂದಿಲ್ಲ. ಅಪ್ಪ ತೀರ್ಕೊಂಡಿದಾರೆ. ಈಗ ಚಿಕ್ಕಪ್ಪನ ಮಕ್ಕಳು ಪಾಲೇ ಆಗಿಲ್ಲ ಅಂತಿದಾರೆ. 2023ರಲ್ಲಿ ನಾವೇ ಕೇಸ್ ಹಾಕಿದ್ವಿ. ನನ್ನ ಸಾಕ್ಷಿ ದಿನ ಜೆರಾಕ್ಸ್ ಮಾರ್ಕ್ ಮಾಡೋಕೆ ಹೋದಾಗ ಎದುರು ವಕೀಲರು ಅಬ್ಜೆಕ್ಷನ್ ಎತ್ತಿದ್ರು, ಜಡ್ಜ್ ಮೊದಲು ಫೌಂಡೇಶನ್ ಹಾಕಿ ಅಂದ್ರು. ಫೌಂಡೇಶನ್ ಅಂದ್ರೆ ಏನೇನು ತರ್ಬೇಕು? ಇಂಥದ್ದು ಯಾರಿಗಾದ್ರೂ ಆಗಿದ್ರೆ ತಿಳಿಸಿ.

ಬೇಲೂರು ರೋಡ್:
ಬ್ರದರ್ ತಲೆ ಕೆಡಿಸ್ಕೋಬೇಡಿ. ಪೊಲೀಸ್ ಸ್ಟೇಷನ್‌ನಲ್ಲಿ ದಾಖಲೆ ಕಳೆದೋಗಿದೆ ಅಂತ ಕಂಪ್ಲೇಂಟ್ ಕೊಟ್ಟು ಅಕ್ನಾಲೆಡ್ಜ್‌ಮೆಂಟ್ ತಗೊಳ್ಳಿ, ಪೇಪರಲ್ಲಿ ಒಂದು ಜಾಹೀರಾತು ಹಾಕ್ಸಿ, ಜೆರಾಕ್ಸ್‌ಗೆ ನೋಟರಿ ಸೀಲ್ ಹಾಕ್ಸಿ. ನಮ್ಮ ಪರಿಚಯದವರು ಹೀಗೇ ಮಾಡಿದ್ದು, ಕೋರ್ಟ್ ತಗೊಂತು.

ಮೂಡಿಗೆರೆ ಮಳೆ:
ನಮ್ದೂ ಇದೇ ಥರ, ಅಜ್ಜನ ಕಾಲದ ಕ್ರಯಪತ್ರ ಗೆದ್ದಲು ತಿಂದು ಹೋಗಿತ್ತು. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಅರ್ಜಿ ಕೊಟ್ಟು ಸರ್ಟಿಫೈಡ್ ಕಾಪಿ ತಗೊಂಡು ಕೋರ್ಟಿಗೆ ಕೊಟ್ವಿ, ಒಂದು ಮಾತೂ ಇಲ್ದೆ ಮಾರ್ಕ್ ಆಯ್ತು. ಈಗ ಕಾವೇರಿ ಪೋರ್ಟಲ್‌ನಲ್ಲೂ ಅರ್ಜಿ ಹಾಕ್ಬೋದು. ನೀವೂ ಹಾಗೇ ಮಾಡಿ ಸರ್.

ಸಕಲೇಶಪುರ ತೋಟದವ:
ನಮ್ದು ರಿಜಿಸ್ಟರೇ ಆಗಿಲ್ವಲ್ಲ ಸರ್, ಅಲ್ಲಿ ಏನು ಸಿಗುತ್ತೆ?

ಚಿಕ್ಕಮಗಳೂರು ಸಿವಿಲ್ ಪ್ರಾಕ್ಟೀಸ್:
ಹೌದು, ಮೂಡಿಗೆರೆಯವರದ್ದು ಬೇರೆ ದಾರಿ. ರಿಜಿಸ್ಟರ್ ಆದ ಪತ್ರದ ನಕಲು ಸಬ್ ರಿಜಿಸ್ಟ್ರಾರ್ ಪುಸ್ತಕದಲ್ಲೇ ಇರುತ್ತೆ, ಆ ಸರ್ಟಿಫೈಡ್ ಕಾಪಿಗೆ ಕಾನೂನೇ ಬೆಲೆ ಕೊಟ್ಟಿದೆ. ನಿಮಗೆ ಆ ಆಸರೆ ಇಲ್ಲ, ಪೂರ್ತಿ ಸಾಕ್ಷಿ ಮೇಲೆ ನಿಲ್ಲಿಸ್ಬೇಕು. ಬೇಲೂರಿನವರು ಹೇಳಿದ್ದು ಅರ್ಧ ಸರಿ. ಪೊಲೀಸ್ ಕಂಪ್ಲೇಂಟು ನೀವು ಹುಡುಕಿದ್ರಿ ಅನ್ನೋದಕ್ಕೆ ಒಂದು ಸಣ್ಣ ಗುರುತು ಅಷ್ಟೆ. ನೋಟರಿ ಸೀಲಿಂದ ಏನೂ ಆಗಲ್ಲ, ಯಾಕಂದ್ರೆ ನೋಟರಿ ಒರಿಜಿನಲ್ ನೋಡಿಯೇ ಇಲ್ವಲ್ಲ, ಜೆರಾಕ್ಸ್ ನೋಡಿ ಜೆರಾಕ್ಸ್‌ಗೆ ಸೀಲ್ ಹೊಡ್ದಿರ್ತಾರೆ.

ನಿಮ್ಮ ಕೇಸ್ 2024 ಜುಲೈ 1ಕ್ಕೆ ಮುಂಚೆ ಹಾಕಿದ್ದು, ಹಾಗಾಗಿ ಹಳೇ ಎವಿಡೆನ್ಸ್ ಆಕ್ಟೇ ಅನ್ವಯ, ಸೆಕ್ಷನ್ 65. ಹೊಸ ಸಾಕ್ಷ್ಯ ಅಧಿನಿಯಮದಲ್ಲಿ ಅದೇ 60 ಆಗಿದೆ. ಕೋರ್ಟ್ ಮೊದಲು ಕೇಳೋದು, ಒರಿಜಿನಲ್ ಅಂತ ಒಂದು ನಿಜವಾಗ್ಲೂ ಇತ್ತಾ, ಇದ್ರೆ ಕೊನೆಗೆ ಯಾರ ಕೈಲಿತ್ತು, ಈಗ ಯಾಕೆ ತರೋಕಾಗಲ್ಲ. ಆಮೇಲೆ, ಈ ಜೆರಾಕ್ಸ್ ಆ ಒರಿಜಿನಲ್‌ನಿಂದಲೇ ತೆಗೆದದ್ದು ಅಂತ ಯಾರು ಹೇಳ್ತಾರೆ. ಇಷ್ಟಕ್ಕೆ ಉತ್ತರ ಕೊಡೋದೇ ಫೌಂಡೇಶನ್.

ಅದಕ್ಕೇ ಕೇಳ್ತಿದೀನಿ. ಒರಿಜಿನಲ್ ನೀವು ಕಣ್ಣಾರೆ ನೋಡಿದ್ರಾ? ಜೆರಾಕ್ಸ್ ಮಾಡಿಸಿದ್ದು ಯಾರು?

ಸಕಲೇಶಪುರ ತೋಟದವ:
ನಾನು ಆಗ ಚಿಕ್ಕವನು, ನೋಡಿಲ್ಲ. ನಮ್ಮ ಸೋದರಮಾವ ಅಪ್ಪನ ಜೊತೆ ಸಕಲೇಶಪುರಕ್ಕೆ ಹೋಗಿ ಜೆರಾಕ್ಸ್ ಮಾಡ್ಸಿ, ಒರಿಜಿನಲ್ ಅವತ್ತೇ ಆಫೀಸಿಗೆ ಕೊಟ್ಟು ಬಂದಿದ್ದಂತೆ. ಮಾವ ಇದಾರೆ. ಪತ್ರಕ್ಕೆ ಸಾಕ್ಷಿ ಹಾಕಿದೋರಲ್ಲಿ ಒಬ್ರು ಇದಾರೆ, ತುಂಬಾ ವಯಸ್ಸಾಗಿದೆ. ಬಿಕ್ಕಲಂ ಹಾಕಿದ ಮೇಷ್ಟ್ರು ತೀರ್ಕೊಂಡಿದಾರೆ.

ಚಿಕ್ಕಮಗಳೂರು ಸಿವಿಲ್ ಪ್ರಾಕ್ಟೀಸ್:
ಹಾಗಾದ್ರೆ ನಿಮ್ಮ ಕೇಸಿಗೆ ನಿಮಗಿಂತ ನಿಮ್ಮ ಮಾವ ದೊಡ್ಡ ಸಾಕ್ಷಿ. ನೀವು ನೋಡದ ಕಾಗದದ ಬಗ್ಗೆ ನೀವು ಎಷ್ಟು ಹೇಳಿದ್ರೂ ಪಾಟೀಸವಾಲಲ್ಲಿ ಒಂದೇ ಪ್ರಶ್ನೆಗೆ ಬಿದ್ದೋಗುತ್ತೆ: "ಮೂಲ ಪತ್ರವನ್ನು ನೀವು ನೋಡಿಲ್ಲ ಅಂದರೆ ಸರಿಯೇ?" ಸರಿ ಅನ್ಲೇಬೇಕು. ಮಾವನ ಮುಖ್ಯ ವಿಚಾರಣೆ ಪ್ರಮಾಣಪತ್ರದಲ್ಲಿ ಹೀಗೆ ಬರ್ಲಿ: ಪಾಲುಪಟ್ಟಿ ಬರೆದ ದಿನ ನಾನು ಇದ್ದೆ ಅಥವಾ ಇರಲಿಲ್ಲ (ಇದ್ದದ್ದು ಇದ್ದ ಹಾಗೆ), ಮೂಲ ಪತ್ರ ನನ್ನ ಭಾವನ ಹತ್ರ ಇತ್ತು, ಇಂಥ ವರ್ಷ ಖಾತೆ ಅರ್ಜಿ ಜೊತೆ ಕೊಡೋಕೆ ಹೋದಾಗ ನಾನು ಜೊತೆಗಿದ್ದೆ, ಅಂಗಡೀಲಿ ನನ್ನ ಮುಂದೆಯೇ ಮೂಲದಿಂದ ಜೆರಾಕ್ಸ್ ತೆಗೆಸಿದ್ರು, ಮೂಲ ಆಫೀಸಿಗೆ ಕೊಟ್ಟದ್ದನ್ನ ನೋಡಿದೆ, ಈಗ ತೋರಿಸ್ತಿರೋದು ಅದೇ ಜೆರಾಕ್ಸ್. ಇದು ಆ ಜೆರಾಕ್ಸ್‌ನ ಜೆರಾಕ್ಸ್ ಆಗಿದ್ರೆ, ಮೂಲದ ಜೊತೆ ಯಾರೂ ತಾಳೆ ನೋಡಿಲ್ಲದಿದ್ರೆ, ಅದು ನಿಲ್ಲಲ್ಲ. ಹಾಗಾಗಿ ಮನೇಲಿರೋದ್ರಲ್ಲಿ ಮೊದಲನೇ ಪ್ರತಿ ಯಾವುದು ಅಂತ ಈಗ್ಲೇ ಮಾವನಿಗೆ ತೋರ್ಸಿ ಕೇಳಿ.

ಹಳೇ ಬೆಂಚ್ ಕ್ಲರ್ಕ್ ಹಾಸನ:
ಕೋರ್ಟಲ್ಲಿ ಕೂತು ನೋಡಿದ ಅನುಭವದಿಂದ ಹೇಳ್ತೀನಪ್ಪ. ಇಂಥ ಕೇಸ್ ಬೀಳೋದು ಕಥೆ ಒಂದೇ ಥರ ಇಲ್ದೆ. ದಾವಾ ಅರ್ಜೀಲಿ ಒರಿಜಿನಲ್ ಮನೇಲಿ ಕಳೆದೋಯ್ತು ಅಂತ ಬರೆದಿರ್ತಾರೆ, ಸಾಕ್ಷೀಲಿ ತಾಲ್ಲೂಕು ಆಫೀಸಿಗೆ ಕೊಟ್ವಿ ಅಂತಾರೆ, ಪಾಟೀಸವಾಲಲ್ಲಿ ಚಿಕ್ಕಪ್ಪನ ಹತ್ರ ಇರಬೋದು ಅಂತಾರೆ. ಮೂರೂ ಬೇರೆ ಬೇರೆ ಕಾರಣ. ಒಂದಕ್ಕೆ ಹುಡುಕಿದ ಸಾಕ್ಷಿ ಬೇಕು, ಒಂದಕ್ಕೆ ಆಫೀಸ್ ಫೈಲು, ಒಂದಕ್ಕೆ ನೋಟೀಸು. ನಿಮ್ಮ ಪ್ಲೇಂಟಲ್ಲಿ ಏನು ಬರೆದಿದೆ ಅಂತ ಇವತ್ತೇ ತೆಗೆದು ಓದಿ.

ಇನ್ನೊಂದು, ಒರಿಜಿನಲ್ ಹುಡುಕೋದನ್ನ ಕಾಟಾಚಾರಕ್ಕೆ ಮಾಡ್ಬೇಡಿ. ಆ ಖಾತೆ ಬದಲಾವಣೆ ಎಂ.ಆರ್. ನಂಬರ್ ಹಳೇ ಪಹಣೀಲಿ ಇರುತ್ತೆ. ಆ ನಂಬರ್ ಹಾಕಿ ತಹಶೀಲ್ದಾರ್ ಆಫೀಸ್ ರೆಕಾರ್ಡ್ ರೂಮಿಗೆ ನಕಲು ಅರ್ಜಿ ಕೊಡಿ. ಫೈಲ್ ಸಿಕ್ರೆ ಒರಿಜಿನಲ್ಲೇ ಸಿಗಬೋದು. ಸಿಗ್ಲಿಲ್ಲ ಅಂದ್ರೆ ಕಡತ ಲಭ್ಯವಿಲ್ಲ ಅಂತ ಹಿಂಬರಹ ಬರವಣಿಗೇಲಿ ತಗೊಳ್ಳಿ, ಬಾಯಲ್ಲಿ ಹೇಳಿದ್ದು ಕೋರ್ಟಿಗೆ ಬರಲ್ಲ. ಕೊಡೋಕೆ ಸತಾಯಿಸಿದ್ರೆ ಫೈಲ್ ತರೋಕೆ ಕೋರ್ಟಿಂದಲೇ ಸಮನ್ಸ್ ಕಳಿಸೋಕೆ ಐಎ, ಅಂದ್ರೆ ಮಧ್ಯಂತರ ಅರ್ಜಿ ಹಾಕ್ಸಿ, ಅಲ್ಲಿನ ಸಿಬ್ಬಂದಿ ಬಂದು ಇಲ್ಲ ಅಂತ ಹೇಳಿದ್ರೆ ಅದೇ ನಿಮ್ಮ ಫೌಂಡೇಶನ್.

ಬೇಲೂರು ರೋಡ್:
ಇಷ್ಟೆಲ್ಲಾ ಯಾಕೆ? ಸೆಕ್ಷನ್ 65ಕ್ಕೆ ಐಎ ಹಾಕಿ ಪರ್ಮಿಷನ್ ತಗೊಂಡ್ರೆ ಆಯ್ತು, ಪರ್ಮಿಷನ್ ಸಿಕ್ಕಿದ ಮೇಲೆ ಪ್ರೂವ್ ಆದಂಗೇ ಅಲ್ವಾ. ಮೇಲಾಗಿ 30 ವರ್ಷ ದಾಟಿದ ಪತ್ರ, ಸಹಿ ಪ್ರೂವ್ ಮಾಡೋದೇ ಬೇಡ.

ಚಿಕ್ಕಮಗಳೂರು ಸಿವಿಲ್ ಪ್ರಾಕ್ಟೀಸ್:
ಎರಡೂ ತಪ್ಪು, ಬೇಜಾರಾಗ್ಬೇಡಿ. ಐಎ ಕಡ್ಡಾಯ ಅಲ್ಲ ಅಂತ 2020ರಲ್ಲಿ ಧನಪತ್ ಕೇಸಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ನಮ್ಮ ಕಡೆ ರೂಢಿಗೆ ಹಾಕ್ತೀವಿ. ಆದ್ರೆ ಐಎ ಅಲೋ ಆದ್ರೂ ಜೆರಾಕ್ಸ್ ಒಳಗೆ ಬರೋಕೆ ಬಾಗಿಲು ತೆಗೆದಂಗೆ ಅಷ್ಟೆ, ಒಳಗಿರೋ ಮಾತು ನಿಜ ಅಂತ ಆಗಲ್ಲ. 2011ರ ಸಿದ್ದಿಕಿ ತೀರ್ಪಲ್ಲಿ ಫೋಟೋಕಾಪಿ ಮೇಲಿನ ಸಹಿ ಒಪ್ಕೊಂಡ್ರೂ ಒಳಗಿನ ವಿಷಯ ಪ್ರೂವ್ ಆಗಲ್ಲ ಅಂತ ಸ್ಪಷ್ಟ ಇದೆ. 30 ವರ್ಷದ ಊಹೆ ಒರಿಜಿನಲ್‌ಗೆ ಮಾತ್ರ, ಜೆರಾಕ್ಸ್‌ಗೆ ಸಿಗಲ್ಲ. ಹಾಗಾಗಿ ಬದುಕಿರೋ ಆ ಹಿರಿಯರು ಬಂದು ಅಣ್ಣತಮ್ಮ ಇಬ್ರೂ ನನ್ನ ಮುಂದೆ ಸಹಿ ಹಾಕಿದ್ರು ಅಂತ ಹೇಳ್ಬೇಕು. ಬಿಕ್ಕಲಂ ಮೇಷ್ಟ್ರ ಅಕ್ಷರ ಗುರುತಿಸೋ ಅವರ ಮಗನೋ ಶಿಷ್ಯನೋ ಸಿಕ್ರೆ ಅದೂ ಒಳ್ಳೇದು.

ಇದಕ್ಕಿಂತ ಮುಖ್ಯವಾದದ್ದು: ನಮ್ಮ ಕಡೆ ಪಾಲುಪಟ್ಟಿ ಸಾಮಾನ್ಯವಾಗಿ ಒಂದೇ ಬರೆಯಲ್ಲ, ಅಣ್ಣನಿಗೊಂದು ತಮ್ಮನಿಗೊಂದು. ಎರಡಕ್ಕೂ ಎಲ್ಲರೂ ಸಹಿ ಹಾಕಿದ್ರೆ ಎರಡೂ ಒರಿಜಿನಲ್ಲೇ. ಜೆರಾಕ್ಸ್ ಕೊನೇಲಿ "ಎರಡು ಪ್ರತಿ ಬರೆದು" ಅಂತ ಏನಾದ್ರೂ ಇದೆಯಾ ನೋಡಿ.

ಸಕಲೇಶಪುರ ತೋಟದವ:
ಈಗ ನೋಡ್ದೆ ಸರ್. "ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಂಡಿರುತ್ತೇವೆ" ಅಂತ ಇದೆ!!

ಚಿಕ್ಕಮಗಳೂರು ಸಿವಿಲ್ ಪ್ರಾಕ್ಟೀಸ್:
ಹಾಗಿದ್ರೆ ನಿಮ್ಮ ವಕೀಲರಿಗೆ ನಾಳೆಯೇ ಹೇಳಿ, ಸೆಕ್ಷನ್ 66ರಲ್ಲಿ ಎದುರು ಪಾರ್ಟಿಗೆ ಬರವಣಿಗೆ ನೋಟೀಸ್ ಹೋಗ್ಲಿ, ನಿಮ್ಮ ಚಿಕ್ಕಪ್ಪನ ಪಾಲಿಗೆ ಬಂದ ಪ್ರತಿ ಹಾಜರುಪಡಿಸಿ ಅಂತ. ಪತ್ರದ ತಾರೀಖು, ಯಾರ್ಯಾರ ಮಧ್ಯೆ, ಸರ್ವೆ ನಂಬರ್ ಎಲ್ಲಾ ಇರ್ಲಿ. ಅವ್ರು ಇಲ್ಲ ಅಂದ್ರೆ ಅಥವಾ ತರದೇ ಇದ್ರೆ ನಿಮಗೆ ಜೆರಾಕ್ಸ್ ದಾರಿ ತೆಗೆಯುತ್ತೆ, ಹಾಗೆ ತರೋಕೆ ಒಪ್ಪದೇ ಆಮೇಲೆ ತಮಗೆ ಬೇಕಾದಾಗ ಅದನ್ನೇ ತಂದು ತೋರಿಸ್ತೀವಿ ಅಂದ್ರೆ ನಿಮ್ಮ ಒಪ್ಪಿಗೆ ಇಲ್ಲಾ ಕೋರ್ಟ್ ಆರ್ಡರ್ ಬೇಕು. ನೋಟೀಸ್ ಕೊಡದೇ ಬರೀ ಅವರ ಹತ್ರ ಇದೆ ಅಂತ ಸಾಕ್ಷೀಲಿ ಹೇಳಿದ್ರೆ ಉಪಯೋಗ ಕಮ್ಮಿ.

ಹಳೇ ಬೆಂಚ್ ಕ್ಲರ್ಕ್ ಹಾಸನ:
ಛಾಪಾ ಕಾಗದದಲ್ಲಿ ಬರೆದಿದ್ರಾ, ಬಿಳಿ ಹಾಳೇಲಾ?

ಸಕಲೇಶಪುರ ತೋಟದವ:
ಜೆರಾಕ್ಸಲ್ಲಿ ಮೇಲೆ ಸ್ಟ್ಯಾಂಪ್ ಕಾಣುತ್ತೆ, ಎಷ್ಟು ರೂಪಾಯಿದು ಅಂತ ಮಸುಕಾಗಿದೆ.

ಹಳೇ ಬೆಂಚ್ ಕ್ಲರ್ಕ್ ಹಾಸನ:
ಅಲ್ಲೇ ಮುಂದಿನ ಅಬ್ಜೆಕ್ಷನ್ ಬರೋದು, ತಯಾರಾಗಿರಿ. ಒರಿಜಿನಲ್ ಕೈಲಿದ್ದು ಡ್ಯೂಟಿ ಕಮ್ಮಿ ಬಿದ್ದಿದ್ರೆ ಕೋರ್ಟ್ ಇಂಪೌಂಡ್ ಮಾಡಿ ಡ್ಯೂಟಿ, ಹತ್ತು ಪಟ್ಟು ಪೆನಾಲ್ಟಿ ಕಟ್ಟಿಸ್ಕೊಂಡು ತಗೊಳ್ಳುತ್ತೆ. ಜೆರಾಕ್ಸ್‌ಗೆ ಆ ಅವಕಾಶ ಇಲ್ಲ, ನಕಲನ್ನ ಇಂಪೌಂಡ್ ಮಾಡೋಕಾಗಲ್ಲ, ಪೆನಾಲ್ಟಿ ಕಟ್ತೀನಿ ಅಂದ್ರೂ ಆಗಲ್ಲ. ಸ್ಟ್ಯಾಂಪಿನ ಅಬ್ಜೆಕ್ಷನ್ ಬಂದ್ರೆ ಆಮೇಲೆ ನೋಡೋಣ ಅಂತ ಮುಂದಕ್ಕೆ ಹಾಕೋ ಹಾಗೂ ಇಲ್ಲ, ಅಲ್ಲೇ ತೀರ್ಮಾನ ಆಗ್ಬೇಕು. ಅದಕ್ಕೇ ಅಂದಿದ್ದು, ಒರಿಜಿನಲ್ ಹುಡುಕೋದೇ ನಿಮ್ಮ ನಿಜವಾದ ಕೆಲಸ.

ಆಲೂರು ಅಕ್ಕ:
ನಾನು ಕೇಳೋದು ಬೇರೆ. ನಿಮ್ಮಪ್ಪನಿಗೆ ಅಕ್ಕತಂಗೀರು ಇಲ್ವಾ? ಅವ್ರ ಸಹಿ ಪಾಲುಪಟ್ಟೀಲಿ ಇದೆಯಾ? ನಮ್ಮ ಮನೇಲಿ ಇದೇ ಥರ ಬಾಯಿಮಾತಿನ ಪಾಲು ಅಂತ ಹೇಳಿ ನಮ್ಮನ್ನ ಹೊರಗಿಟ್ಟಿದ್ರು.

ಸಕಲೇಶಪುರ ತೋಟದವ:
ಒಬ್ರು ಅತ್ತೆ ಇದಾರೆ ಅಕ್ಕ, ಅವ್ರು ಕೇಸಲ್ಲಿ ಪಾರ್ಟಿ ಅಲ್ಲ. ಸಹಿ ಇಲ್ಲ.

ಆಲೂರು ಅಕ್ಕ:
ಹಾಗಾದ್ರೆ ಅವ್ರನ್ನೂ ಒಂದು ಮಾತು ಕೇಳಿ. ನಾಳೆ ಅವ್ರ ಪಾಲು ಅಂತ ಬಂದ್ರೆ ನಿಮ್ಮ ರಿಜಿಸ್ಟರ್ ಆಗದ ಕಾಗದ ಅವ್ರ ಮೇಲೆ ಅಷ್ಟು ಸುಲಭಕ್ಕೆ ನಡೆಯಲ್ಲ. 2020ರ ವಿನೀತಾ ಶರ್ಮಾ ತೀರ್ಪಲ್ಲಿ ಬಾಯಿಮಾತಿನ ಪಾಲನ್ನ ಸರ್ಕಾರಿ ದಾಖಲೆ ಬೆಂಬಲ ಇರೋ ಅಪರೂಪದ ಸಂದರ್ಭದಲ್ಲಿ ಮಾತ್ರ ನಂಬ್ಬೇಕು ಅಂದಿದಾರೆ.

ಚಿಕ್ಕಮಗಳೂರು ಸಿವಿಲ್ ಪ್ರಾಕ್ಟೀಸ್:
ಅಕ್ಕ ಹೇಳಿದ್ದು ಗಂಭೀರವಾದ ವಿಷಯ, ಬೇರೆಯಾಗಿ ಕೂತು ನೋಡ್ಬೇಕಾದ್ದು. ಈಗ ಇರೋ ಕೇಸಿಗೆ ಇನ್ನೊಂದು ಮಾತು. ಸೆಕೆಂಡರಿ ಎವಿಡೆನ್ಸ್ ಒಪ್ಕೊಂಡ್ರೂ ಅದರಿಂದ ರಿಜಿಸ್ಟರ್ ಆಗಿಲ್ಲ ಅನ್ನೋ ದೋಷ ಹೋಗಲ್ಲ, ಒರಿಜಿನಲ್‌ಗೆ ಏನು ಬೆಲೆ ಇತ್ತೋ ಜೆರಾಕ್ಸ್‌ಗೂ ಅಷ್ಟೇ. ಪತ್ರದ ಭಾಷೆ ಓದಿ. "ಈ ದಿನ ಈ ಮೂಲಕ ಪಾಲು ಮಾಡಿಕೊಂಡಿರುತ್ತೇವೆ" ಅಂತ ಇದ್ರೆ ಆ ಕಾಗದವೇ ಪಾಲು ಮಾಡಿದ್ದು, ರಿಜಿಸ್ಟರ್ ಬೇಕಿತ್ತು, ಹಕ್ಕಿಗೆ ಆಧಾರ ಮಾಡ್ಕೊಳ್ಳೋಕೆ ಆಗಲ್ಲ, ಬೇರೆಬೇರೆ ಆದ್ರು, ಇಂಥ ಜಾಗ ಇಂಥವರ ಸ್ವಾಧೀನದಲ್ಲಿತ್ತು ಅನ್ನೋಷ್ಟಕ್ಕೆ ಮಾತ್ರ ನೋಡ್ಬೋದು. "ಹಿಂದೆಯೇ ಪಾಲಾಗಿ ಅವರವರ ಅನುಭವದಲ್ಲಿರುವುದನ್ನು ಜ್ಞಾಪಕಾರ್ಥ ಬರೆದಿಟ್ಟಿರುತ್ತೇವೆ" ಅಂತ ಇದ್ರೆ ರಿಜಿಸ್ಟರ್ ಬೇಡ ಅಂತ ವಾದ ಮಾಡೋಕೆ ಗಟ್ಟಿ ನೆಲ ಇದೆ. ಎರಡರಲ್ಲೂ 1987ರ ಆಚೆಗಿನ ಬೇರೆಬೇರೆ ಪಹಣಿ, ಕಂದಾಯ ರಸೀದಿ, ಕಾಫಿ ಮಾರಿದ ಬಿಲ್ಲು, ತೋಟದ ಮೇಲಿನ ಸಾಲದ ಕಾಗದ ಜೊತೆಗಿಡಿ.

ಸಕಲೇಶಪುರ ತೋಟದವ:
ಎರಡೂ ಮಾತು ಬೆರೆಸಿದಂಗಿದೆ ಸರ್. ಮೊದಲು "ಅನುಭವಿಸಿಕೊಂಡು ಬಂದಂತೆ" ಅಂತ ಇದೆ, ಕೊನೇಲಿ "ಈ ದಿನ ಪಾಲಾಗಿರುತ್ತೆ" ಅಂತಲೂ ಇದೆ. ನಮ್ಮ ವಕೀಲರು ಅದನ್ನ ಜಡ್ಜ್ ಮುಂದೆ ವಾದ ಮಾಡ್ಬೇಕು ಅಂದ್ರು. ಇನ್ನೊಂದು, ಆ ಸಾಕ್ಷಿ ತಾತ ಮಂಚ ಬಿಟ್ಟು ಏಳಲ್ಲ, ಕೋರ್ಟಿಗೆ ಕರ್ಕೊಂಡ್ಬರೋಕೆ ಆಗಲ್ಲ.

ಹಳೇ ಬೆಂಚ್ ಕ್ಲರ್ಕ್ ಹಾಸನ:
ಅದಕ್ಕೆ ಕಮಿಷನ್ ಇದೆ. ಡಾಕ್ಟರ್ ಸರ್ಟಿಫಿಕೇಟ್ ಹಾಕಿ ಐಎ ಕೊಟ್ರೆ ಕೋರ್ಟ್ ಒಬ್ಬ ವಕೀಲರನ್ನ ಕಮಿಷನರ್ ಮಾಡಿ ಮನೆಗೇ ಕಳಿಸುತ್ತೆ, ಎರಡು ಕಡೆ ವಕೀಲರೂ ಅಲ್ಲೇ ಹೋಗಿ ಸಾಕ್ಷಿ, ಪಾಟೀಸವಾಲು ಮುಗಿಸ್ತಾರೆ. ತಾತನಿಗೆ ಜೆರಾಕ್ಸ್ ತೋರ್ಸಿ ಸಹಿ ಗುರುತು ಹಿಡಿಸೋದು ಮರೀಬೇಡಿ. ಮಿಕ್ಕ ಎಲ್ಲಾ ಅರ್ಜಿಗಿಂತ ಮೊದಲು ಇದನ್ನ ಹಾಕ್ಸಿ, ಆಫೀಸ್ ಫೈಲು ಮುಂದಿನ ತಿಂಗಳೂ ಸಿಗುತ್ತೆ.

ಮೂಡಿಗೆರೆ ಮಳೆ:
ಮಾವನ್ನೂ ಅದೇ ವಾರ ವಕೀಲರ ಹತ್ರ ಕರ್ಕೊಂಡೋಗಿ ಸರ್, ಹಳೇ ವಿಷಯ ನೆನಪು ಮಾಡ್ಕೊಂಡು ಹೇಳೋಕೆ ಟೈಮ್ ಬೇಕು ಅವರಿಗೆ.