ಕಾರ್ಡ್ ಬ್ಲಾಕ್ ಮಾಡಿದರೆ ಈ ಕಟ್ ಆಗೋದು ನಿಲ್ಲುತ್ತದಾ?

ಕೇಳಿದವರು: ವ್ಯಾಯಾಮದ ಒಂದು ಆ್ಯಪ್‌ನ ಸಬ್‌ಸ್ಕ್ರಿಪ್ಷನ್ ರದ್ದು ಮಾಡಿದ್ದೆ. ರದ್ದಾಗಿದೆ ಅಂತ ಮೇಲ್ ಕೂಡ ಬಂತು. ಆದರೂ ಪ್ರತಿ ತಿಂಗಳು 5ನೇ ತಾರೀಕು ಕ್ರೆಡಿಟ್ ಕಾರ್ಡಿನಿಂದ ದುಡ್ಡು ಹೋಗುತ್ತಿದೆ, ಈಗಾಗಲೇ ಮೂರು ಸಲ ಆಯಿತು. ಎಷ್ಟು ಮೇಲ್ ಕಳಿಸಿದರೂ ಉತ್ತರ ಇಲ್ಲ. ಬೇಸತ್ತು ಕಾರ್ಡನ್ನೇ ಬ್ಲಾಕ್ ಮಾಡಿಸಿ ಹೊಸದು ತಗೊಳ್ಳೋಣ ಅಂದುಕೊಂಡಿದ್ದೇನೆ. ಇದೇ ಕಾರ್ಡಿನಲ್ಲಿ ವಿಮೆಯ ಕಂತು, ಇಂಟರ್ನೆಟ್ ಬಿಲ್, ಫೋನಿನ ಕಂತು ಎಲ್ಲವೂ ಹೋಗುತ್ತವೆ. ಹೀಗೆ ಮಾಡಿದವರು ಯಾರಾದರೂ ಇದ್ದೀರಾ?

ಮೊದಲ ಉತ್ತರ: ನಾನು ಮಾಡಿದ್ದೇನೆ, ಧೈರ್ಯವಾಗಿ ಮಾಡಿಸಿ. ಕಾರ್ಡ್ ನಂಬರ್ ಬದಲಾದ ಮೇಲೆ ಅವರ ಹತ್ತಿರ ಇರುವುದು ಹಳೇ ನಂಬರ್, ಅದರಿಂದ ಏನೂ ಎಳೆಯೋಕೆ ಆಗಲ್ಲ. ನನ್ನದು ಒಂದು ಪತ್ರಿಕೆಯ ಚಂದಾ, ಕಾರ್ಡ್ ಬದಲಿಸಿದ ಮುಂದಿನ ತಿಂಗಳಿಂದಲೇ ನಿಂತುಹೋಯಿತು. ಬೇಕಾದ ಬಿಲ್‌ಗಳಿಗೆ ಹೊಸ ನಂಬರ್ ಕೊಟ್ಟರೆ ಮುಗಿಯಿತು.

ಎರಡನೇ ಉತ್ತರ: ಇನ್ನೂ ಯಾಕೆ ಯೋಚನೆ ಮಾಡುತ್ತಿದ್ದೀರಿ? ನಿಮ್ಮ ನಂಬರ್ ಕದ್ದಿದ್ದಾರೆ ಅಂದರೆ ಒಂದು ನಿಮಿಷವೂ ಬಿಡಬೇಡಿ. ಈಗಲೇ ಬ್ಯಾಂಕಿಗೆ ಫೋನ್ ಮಾಡಿ, ವಂಚನೆ ಅಂತ ಹೇಳಿ.

ಕೇಳಿದವರು: ಕದ್ದಿಲ್ಲ ಸರ್, ಆ ನಂಬರ್ ನಾನೇ ಕೊಟ್ಟಿದ್ದು. ಈಗ ಅವರು ಬಿಡುತ್ತಿಲ್ಲ, ಅಷ್ಟೇ.

ಕಾರ್ಡ್ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವರು: ಹಾಗಾದರೆ ವಂಚನೆ ಅಂತ ದಯವಿಟ್ಟು ಹೇಳಬೇಡಿ. ಹೇಳಿದ ಕೂಡಲೇ ಬ್ಯಾಂಕಿನವರು ನಿಮ್ಮನ್ನು ಮತ್ತೆ ಕೇಳದೆ ಕಾರ್ಡ್ ಮುಚ್ಚಿಬಿಡಬಹುದು. ಆ್ಯಪ್‌ನವರು ನಿಮ್ಮ ಹಳೇ ಪಾವತಿಗಳನ್ನು ತೋರಿಸಿದರೆ ನಿಮ್ಮ ದೂರು ಬಿದ್ದುಹೋಗುತ್ತದೆ.

ಮೊದಲ ಉತ್ತರ ಕೊಟ್ಟವರಿಗೆ ಆದ ಅನುಭವ ನಿಜ. ಆದರೆ ಎಲ್ಲರಿಗೂ ಹಾಗೆ ಆಗುವುದಿಲ್ಲ. ವೀಸಾದವರ ಬಳಿ ಅಕೌಂಟ್ ಅಪ್‌ಡೇಟರ್ ಅಂತ ಒಂದು ಸೇವೆ ಇದೆ, ಮಾಸ್ಟರ್‌ಕಾರ್ಡ್‌ನವರದು ಆಟೊಮ್ಯಾಟಿಕ್ ಬಿಲ್ಲಿಂಗ್ ಅಪ್‌ಡೇಟರ್. ಬ್ಯಾಂಕು ಹೊಸ ಕಾರ್ಡ್ ಕೊಟ್ಟಾಗ ಹೊಸ ನಂಬರನ್ನೂ ಅವಧಿಯನ್ನೂ ಇದಕ್ಕೆ ಕಳಿಸುತ್ತದೆ. ಸೇವೆಗೆ ಸೇರಿಕೊಂಡ ಕಂಪನಿಗಳು ಅಲ್ಲಿಂದ ಅದನ್ನು ಪಡೆಯುತ್ತವೆ. ನಿಮ್ಮನ್ನು ಯಾರೂ ಕೇಳುವುದಿಲ್ಲ. ಇನ್ನು ಕೆಲವರು ಕಾರ್ಡ್ ನಂಬರ್ ಇಟ್ಟುಕೊಳ್ಳುವುದೇ ಇಲ್ಲ, ನಂಬರಿನ ಬದಲಿಗೆ ಟೋಕನ್ ಅನ್ನುವ ಒಂದು ಬದಲಿ ಸಂಖ್ಯೆ ಇಟ್ಟುಕೊಳ್ಳುತ್ತಾರೆ. ಕಾರ್ಡ್ ಬದಲಾದರೂ ಅದೇ ಟೋಕನ್ ಹೊಸ ಕಾರ್ಡಿಗೆ ಅಂಟಿಕೊಳ್ಳಬಹುದು. ಕಾರ್ಡ್ ಬದಲಿಸಿದ್ದೇವೆ, ಆದರೂ ಅದೇ ತಾರೀಕಿಗೆ ಅದೇ ಮೊತ್ತ ಹೋಯಿತು ಅಂತ ದೂರು ಕೊಟ್ಟವರನ್ನು ನಾನು ಬಹಳ ಸಲ ನೋಡಿದ್ದೇನೆ.

ಎಲ್ಲ ಕಂಪನಿಗಳೂ ಈ ಸೇವೆಯಲ್ಲಿ ಇಲ್ಲ. ನನಗೆ ಭಯ ಇರುವುದು ಇಲ್ಲೇ. ನಿಮ್ಮ ಆ್ಯಪ್‌ನವರು ಇದರಲ್ಲಿದ್ದು ವಿಮೆಯವರು ಇಲ್ಲದಿದ್ದರೆ ಏನಾಗುತ್ತದೆ ನೋಡಿ. ಯಾರಿಗೆ ದುಡ್ಡು ಹೋಗಬಾರದೋ ಅವರಿಗೆ ಹೊಸ ನಂಬರ್ ಸಿಗುತ್ತದೆ, ಹೋಗಲೇಬೇಕಾದ ಕಂತು ನಿಲ್ಲುತ್ತದೆ.

ಹಾಗೇ, ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡನ್ನು ತಾತ್ಕಾಲಿಕವಾಗಿ ಲಾಕ್ ಮಾಡಿದರೆ ಸಾಕು ಅಂದುಕೊಳ್ಳಬೇಡಿ. ಎಷ್ಟೋ ಬ್ಯಾಂಕುಗಳಲ್ಲಿ ಆ ಲಾಕ್ ತಡೆಯುವುದು ಹೊಸ ಖರೀದಿಯನ್ನು ಮಾತ್ರ. ಮೊದಲೇ ಒಪ್ಪಿಗೆ ಕೊಟ್ಟ ತಿಂಗಳ ಪಾವತಿ ಹೋಗುತ್ತಲೇ ಇರುತ್ತದೆ.

ಕೇಳಿದವರು: ಹಾಗಾದರೆ ಮೊದಲು ಏನು ಮಾಡಲಿ?

ಕಾರ್ಡ್ ವಿಭಾಗದವರು: ಬ್ಯಾಂಕಿಗೆ ಫೋನ್ ಮಾಡಿ ಎರಡು ಮಾತು ಬೇರೆ ಬೇರೆಯಾಗಿ ಹೇಳಿ. ಒಂದು, ಈ ಕಂಪನಿಗೆ ಕೊಟ್ಟಿದ್ದ ಒಪ್ಪಿಗೆ ವಾಪಸ್ ತಗೊಂಡಿದ್ದೇನೆ, ಇವರ ಪಾವತಿ ಮಾತ್ರ ತಡೆಯಿರಿ. ಸ್ಟೇಟ್‌ಮೆಂಟಿನಲ್ಲಿ ಕಂಪನಿಯ ಹೆಸರು ಹೇಗೆ ಅಚ್ಚಾಗಿದೆಯೋ ಹಾಗೇ ಓದಿ ಹೇಳಿ. ಆ್ಯಪ್‌ನ ಹೆಸರು ಒಂದು, ಬಿಲ್ ಮಾಡುವ ಕಂಪನಿಯ ಹೆಸರು ಇನ್ನೊಂದು ಇರುತ್ತದೆ. ತಪ್ಪು ಹೆಸರಿಗೆ ತಡೆ ಬಿದ್ದರೆ ಉಪಯೋಗ ಇಲ್ಲ. ಎರಡನೆಯದು, ರದ್ದು ಮಾಡಿದ ಮೇಲೂ ಹೋದ ಮೂರು ಪಾವತಿಗಳ ಮೇಲೆ ಡಿಸ್ಪ್ಯೂಟ್ ಹಾಕಿ, ಅಂದರೆ ಆ ದುಡ್ಡು ವಾಪಸ್ ಬೇಕು ಅಂತ ತಕರಾರು ಕೊಡಿ. ರದ್ದಾದ ಸಬ್‌ಸ್ಕ್ರಿಪ್ಷನ್‌ಗೆ ಅಂತಲೇ ಒಂದು ಕಾರಣ ಅವರ ಪಟ್ಟಿಯಲ್ಲಿ ಇದೆ. ನಿಮ್ಮ ಹತ್ತಿರ ರದ್ದಾದ ಮೇಲ್ ಇದೆಯಲ್ಲ, ಅದೇ ದೊಡ್ಡ ಸಾಕ್ಷಿ. ಇದಕ್ಕೆ ವೀಸಾ, ಮಾಸ್ಟರ್‌ಕಾರ್ಡ್‌ನಂಥ ಕಾರ್ಡ್ ಜಾಲದ ಗಡುವು ಸಾಮಾನ್ಯವಾಗಿ 120 ದಿನ, ಕೆಲವು ಬ್ಯಾಂಕುಗಳು ಅದಕ್ಕಿಂತ ಕಡಿಮೆ ಇಟ್ಟುಕೊಂಡಿರುತ್ತವೆ. ಮೊದಲ ಪಾವತಿ ಆಗಿ ಎಷ್ಟು ದಿನ ಆಯಿತು ಅಂತ ಇವತ್ತೇ ಎಣಿಸಿ.

ವಿಮೆ ಕಳೆದುಕೊಂಡವರು: ನನಗಾದದ್ದು ಹೇಳಲೇಬೇಕು. ನಾನೂ ನಿಮ್ಮಂತೆಯೇ ಒಂದು ಸಬ್‌ಸ್ಕ್ರಿಪ್ಷನ್ ನಿಲ್ಲಿಸೋಕೆ ಅಂತ ಕಾರ್ಡ್ ಬದಲಿಸಿದೆ. ಇಂಟರ್ನೆಟ್, ಫೋನ್, ವಿದ್ಯುತ್ ಎಲ್ಲಕ್ಕೂ ಹೊಸ ನಂಬರ್ ಕೊಟ್ಟೆ. ಜೀವವಿಮೆ ವರ್ಷಕ್ಕೆ ಒಂದೇ ಸಲ ಹೋಗುತ್ತಿತ್ತು, ನೆನಪೇ ಆಗಲಿಲ್ಲ. ಪಾವತಿ ಆಗಿಲ್ಲ ಅಂತ ಅವರು ಕಳಿಸಿದ ಮೇಲ್ ನಾನು ಬಿಟ್ಟ ಹಳೇ ಕಂಪನಿಯ ವಿಳಾಸಕ್ಕೆ ಹೋಗಿತ್ತು. ಹೆಚ್ಚುವರಿ ಕೊಡುವ 30 ದಿನವೂ ಮುಗಿಯಿತು. ಗೊತ್ತಾದದ್ದು ಎರಡು ತಿಂಗಳ ಮೇಲೆ, ಅದೂ ಬೇರೆ ಏನೋ ಕಾಗದ ಹುಡುಕುವಾಗ. ಪಾಲಿಸಿ ಲ್ಯಾಪ್ಸ್. ಮತ್ತೆ ಚಾಲೂ ಮಾಡೋಕೆ ಬಾಕಿ ಕಂತು, ಬಡ್ಡಿ, ಅದರ ಮೇಲೆ ರಕ್ತಪರೀಕ್ಷೆ. ಅಷ್ಟರಲ್ಲಿ ನನಗೆ ಸಕ್ಕರೆ ಕಾಯಿಲೆ ಶುರುವಾಗಿತ್ತು. ವರದಿ ಕೊಟ್ಟು ಒಪ್ಪುತ್ತಾರೋ ಇಲ್ಲವೋ ಅಂತ ಕಾದ ಆ ಮೂರು ವಾರ ನನಗೆ ನಿದ್ದೆ ಇಲ್ಲ. ಕೊನೆಗೆ ಒಪ್ಪಿದರು, ಕಂತು ಜಾಸ್ತಿ ಮಾಡಿ.

ಕಾರ್ಡ್ ವಿಭಾಗದವರು: ಅದಕ್ಕೇ ಒಂದು ಎರಡು ತಿಂಗಳ ಸ್ಟೇಟ್‌ಮೆಂಟ್ ನೋಡಿದರೆ ಸಾಲದು. ಹಿಂದಿನ 13 ತಿಂಗಳದ್ದು ತೆಗೆದು ಸಾಲು ಸಾಲಾಗಿ ನೋಡಿ, ವರ್ಷಕ್ಕೊಮ್ಮೆ ಹೋಗುವುದೆಲ್ಲ ಆಗ ಸಿಗುತ್ತದೆ. ಅವನ್ನು ಬೇರೆ ಕಾರ್ಡಿಗೋ ಖಾತೆಗೋ ಹಾಕಿ. ತಿಂಗಳದ್ದಾದರೆ ಒಂದು ಸಲ ಅಲ್ಲಿಂದ ಹೋದದ್ದನ್ನು ಕಣ್ಣಾರೆ ನೋಡಿ, ಆಮೇಲೆ ಹಳೆಯದನ್ನು ಮುಟ್ಟಿ. ಫೋನಿನ ಕಂತು ಬ್ಯಾಂಕೇ ಕಾರ್ಡಿನ ಮೇಲೆ ಮಾಡಿಕೊಟ್ಟದ್ದಾದರೆ ಚಿಂತೆ ಇಲ್ಲ, ಅದು ಖಾತೆಗೆ ಸೇರಿದ್ದು, ಹೊಸ ಕಾರ್ಡಿಗೂ ಬರುತ್ತದೆ. ಹೊರಗಿನ ಸಾಲದ ಕಂಪನಿ ಕಾರ್ಡಿನಿಂದ ಎಳೆಯುತ್ತಿದ್ದರೆ ತಪ್ಪಿಹೋಗುತ್ತದೆ, ದಂಡವೂ ಬೀಳುತ್ತದೆ.

ಕಾರ್ಡ್ ಬದಲಿಸಲೇಬೇಕು ಅಂತಾದರೆ, ಹೊಸ ನಂಬರನ್ನು ಅಪ್‌ಡೇಟರ್‌ಗೆ ಕಳಿಸಬೇಡಿ ಅಂತ ಬ್ಯಾಂಕಿಗೆ ಹೇಳಿ. ಗ್ರಾಹಕರು ಕೇಳಿದರೆ ಅವರ ಕಾರ್ಡನ್ನು ಹೊರಗಿಡುವ ಅವಕಾಶ ಆ ಸೇವೆಯಲ್ಲಿ ಇದೆ. ಆದರೆ ಅದು ಇಡೀ ಕಾರ್ಡಿಗೆ ಅನ್ವಯ, ಆಮೇಲೆ ಎಲ್ಲ ಬಿಲ್‌ಗೂ ನೀವೇ ನಂಬರ್ ಕೊಡಬೇಕು.

ಇನ್ನೊಬ್ಬರು: ಇದೆಲ್ಲ ಸರಿ, ಆದರೆ ದುಡ್ಡು ನಿಂತ ಮಾತ್ರಕ್ಕೆ ಬಾಕಿ ನಿಲ್ಲುತ್ತದಾ? ನಾನು ಒಂದು ಜಿಮ್‌ಗೆ 12 ತಿಂಗಳಿಗೆ ಸಹಿ ಹಾಕಿದ್ದೆ. ಏಳನೇ ತಿಂಗಳಲ್ಲಿ ಕಾರ್ಡ್ ಬ್ಲಾಕ್ ಮಾಡಿಸಿ ನೆಮ್ಮದಿಯಾಗಿದ್ದೆ. ಐದು ತಿಂಗಳದ್ದು ಬಾಕಿ, ಮೇಲೆ ದಂಡ ಅಂತ ವಸೂಲಿಯವರ ಪತ್ರ ಬಂತು. ಬ್ಯಾಂಕು ತಡೆದರೂ ಒಪ್ಪಂದ ಹಾಗೇ ಇತ್ತು. ನಿಮ್ಮ ಆ್ಯಪ್‌ನದು ವರ್ಷದ ಪ್ಲಾನ್ ಆಗಿದ್ದು ತಿಂಗಳ ಕಂತಿನಲ್ಲಿ ಹೋಗುತ್ತಿದೆಯಾ, ಒಮ್ಮೆ ನೋಡಿ.

ಕಾರ್ಡ್ ವಿಭಾಗದವರು: ಈ ಮಾತು ಒಪ್ಪುತ್ತೇನೆ. ಆದರೆ ಇವರಿಗೆ ರದ್ದಾಗಿದೆ ಅಂತ ಅವರೇ ಬರೆದುಕೊಟ್ಟಿದ್ದಾರೆ, ನಿಮ್ಮದು ಬೇರೆ.

ಇನ್ನೊಬ್ಬರು: ಬರೆದಿರಬಹುದು. ಯಾವ ತಾರೀಕಿನಿಂದ ರದ್ದು ಅಂತ ಬರೆದಿದ್ದಾರೆ ಅನ್ನೋದು ಮುಖ್ಯ ಅಲ್ವಾ?

ಕೇಳಿದವರು: ಈಗಷ್ಟೇ ಮೇಲ್ ತೆಗೆದು ನೋಡಿದೆ. “ಸದ್ಯದ ಬಿಲ್ಲಿಂಗ್ ಅವಧಿ ಮುಗಿದ ಮೇಲೆ ರದ್ದಾಗುತ್ತದೆ” ಅಂತಿದೆ, ತಾರೀಕು ಇಲ್ಲ. ನನ್ನದು ತಿಂಗಳ ಪ್ಲಾನೇ, ಹಳೇ ರಸೀದಿಯಲ್ಲಿ ಇದೆ. ಬ್ಯಾಂಕಿಗೆ ಫೋನ್ ಮಾಡಿ ಆ ಕಂಪನಿಗೆ ತಡೆ ಹಾಕಿಸಿದೆ. ಸ್ಟೇಟ್‌ಮೆಂಟಿನಲ್ಲಿ ಹೆಸರು ನಿಜಕ್ಕೂ ಬೇರೆಯೇ ಇತ್ತು. ಮೂರಕ್ಕೂ ಡಿಸ್ಪ್ಯೂಟ್ ತಗೊಂಡಿದ್ದಾರೆ, ರಸೀದಿ ಮತ್ತು ಮೇಲ್ ಎರಡನ್ನೂ ಕಳಿಸಿದ್ದೇನೆ. ಕಾರ್ಡ್ ಸದ್ಯಕ್ಕೆ ಬ್ಲಾಕ್ ಮಾಡಿಸಿಲ್ಲ. ವಿಮೆಯ ಕಂತನ್ನು ಮಾತ್ರ ಉಳಿತಾಯ ಖಾತೆಗೆ ಹಾಕಿಬಿಟ್ಟೆ, ಅವರ ಕಥೆ ಓದಿ ತಡೆಯಲಾಗಲಿಲ್ಲ. 5ನೇ ತಾರೀಕಿಗೆ ಇನ್ನು ಒಂಬತ್ತು ದಿನ ಇದೆ. ಏನಾಯಿತು ಅಂತ ಬಂದು ಬರೆಯುತ್ತೇನೆ.