ಕೈಯಲ್ಲಿ ಬೀಜ ಇರುವ ತನಕ: ಲೂಪ್ ಹೇಳಿಕೊಡುವ ಸ್ಲೈಡುಗಳು

ಏಳನೇ ಕ್ಲಾಸಿನ ಟೀಚರ್ ಕೇಳಿದ್ದು:
ಮಕ್ಕಳಿಗೆ ಪೈಥಾನ್ ಲೂಪ್ ಹೇಳಿಕೊಡಲು ಒಂದು ಕ್ಯಾರೊಸೆಲ್ ಮಾಡಿದ್ದೇನೆ. ಸ್ಲೈಡಿಗೊಂದು ಉದಾಹರಣೆ: ಹಲ್ಲುಜ್ಜುವುದು, ಗಡಿಯಾರದ ಮುಳ್ಳು, ವಾರದ ದಿನಗಳು, ಹೀಗೆ ಎಂಟು. ನೋಡಿ ಎಲ್ಲರೂ "ಗೊತ್ತಾಯ್ತು ಮಿಸ್" ಅಂದರು. ಬರೆಯಲು ಹೇಳಿದರೆ `print` ಸಾಲನ್ನೇ ಐದು ಸಲ ಬರೆದಿಟ್ಟರು. ಎಲ್ಲಿ ಎಡವಿದೆ?

ಜಾತ್ರೆ ಊರಿನವರು:
ಮಿಸ್, ಕ್ಯಾರೊಸೆಲ್ ಕಟ್ಟುವುದಕ್ಕೆ ಖರ್ಚು ಜಾಸ್ತಿ ಅಲ್ವಾ? ನಮ್ಮೂರ ಜಾತ್ರೆಗೆ ಕುದುರೆ ಸುತ್ತುವ ದೊಡ್ಡದೇ ಬರುತ್ತದೆ. ಮಕ್ಕಳನ್ನು ಅಲ್ಲಿಗೇ ಕರೆದುಕೊಂಡು ಹೋಗಿ, ಒಂದು ಸುತ್ತು ಕೂರಿಸಿ, ಇದೇ ಲೂಪ್ ಅಂದರೆ ಮುಗಿಯಿತು.

ಟೀಚರ್:
ಅಯ್ಯೋ, ಆ ಕ್ಯಾರೊಸೆಲ್ ಅಲ್ಲ ಸರ್. ಮೊಬೈಲಿನಲ್ಲಿ ಬೆರಳಿನಿಂದ ಸರಿಸುತ್ತಾ ನೋಡುತ್ತೇವಲ್ಲ, ಆ ಚಿತ್ರಗಳ ಸಾಲು 😄

ಪ್ರೋಗ್ರಾಮಿಂಗ್ ಕಲಿಸುವವರು:
ಕುದುರೆ ಸುತ್ತುವುದಕ್ಕೂ ನಿಮ್ಮ ಎಂಟು ಸ್ಲೈಡಿಗೂ ಇರುವ ತೊಂದರೆ ಒಂದೇ ಮೇಡಂ. ಎಲ್ಲವೂ "ಮತ್ತೆ ಮತ್ತೆ ಆಗುತ್ತದೆ" ಎಂದಷ್ಟೇ ಹೇಳುತ್ತವೆ. ಅದು ಮಕ್ಕಳಿಗೆ ಮೊದಲೇ ಗೊತ್ತು. ಪ್ರತಿ ಸುತ್ತಿನಲ್ಲಿ ಏನು ಬದಲಾಗುತ್ತದೆ, ಯಾವಾಗ ನಿಲ್ಲುತ್ತದೆ, ನಿಲ್ಲಿಸುವುದು ಯಾರು, ಇದು ಯಾವ ಸ್ಲೈಡಿನಲ್ಲೂ ಇಲ್ಲ. ಅದಕ್ಕೇ ಬರೆಯಲು ಕೂತಾಗ ಅವರ ಹತ್ತಿರ ಏನೂ ಇರಲಿಲ್ಲ.

ನಾನಾದರೆ ಎಂಟು ಬೇರೆ ಬೇರೆ ವಿಷಯ ಬಿಟ್ಟು ಒಂದೇ ಆಟ ಹಿಡಿಯುತ್ತೇನೆ: ಅಳಗುಳಿ ಮಣೆ. ಮೊದಲ ಸ್ಲೈಡಿನಲ್ಲಿ ಕೋಡ್ ಬೇಡ. ಒಂದು ಕೈ, ಕೈಯಲ್ಲಿ ನಾಲ್ಕು ಹುಣಸೆ ಬೀಜ, ಎದುರಿಗೆ ಗುಳಿಗಳು. "ಯಾವಾಗ ನಿಲ್ಲಿಸುತ್ತೀರಿ?" ಅಂತ ಕೇಳಿ. "ಕೈ ಖಾಲಿಯಾದಾಗ" ಅಂತಾರೆ. ನಿಮಗೆ ಬೇಕಾದ ಉತ್ತರ ಅದೇ. ಎರಡನೆಯದರಲ್ಲಿ `print` ನಾಲ್ಕು ಸಲ ಬರೆದಿರಲಿ, ಕೆಳಗೆ "ನಲವತ್ತು ಬೀಜ ಇದ್ದರೆ?" ಅಂತ ಮಾತ್ರ ಇರಲಿ. ಮೂರನೆಯದರಲ್ಲಿ ಇದು:

```python
ಬೀಜ = 4
while ಬೀಜ > 0:
    print("ಗುಳಿಗೆ ಒಂದು")
    ಬೀಜ = ಬೀಜ - 1
```

ಇದನ್ನು ಓದಿಸಬೇಡಿ, ಆಡಿಸಿ. ಒಬ್ಬ ಹುಡುಗ ಕೈ ತೆರೆದು ನೋಡಬೇಕು, "ಇದೆ" ಅನ್ನಬೇಕು, ಒಂದು ಹಾಕಬೇಕು, ಮತ್ತೆ ತೆರೆದು ನೋಡಬೇಕು. ಇನ್ನೊಬ್ಬಳು ಬೋರ್ಡಿನಲ್ಲಿ ಗೀಟು ಹಾಕಲಿ. ಬೀಜ ಹಾಕಿದ್ದು ನಾಲ್ಕು ಸಲ, ಕೈ ನೋಡಿದ್ದು ಐದು ಸಲ. ಐದನೇ ಸಲ ನೋಡಿದಾಗಲೇ ತಾನೇ ಖಾಲಿ ಅಂತ ಗೊತ್ತಾಗಿದ್ದು? ಈ ಒಂದು ಹೆಚ್ಚಿನ ನೋಟ ಮಕ್ಕಳ ತಲೆಗೆ ಹೋದರೆ ಅರ್ಧ ಕೆಲಸ ಆಯಿತು.

ನಾಲ್ಕನೆಯದರಲ್ಲಿ ಅದೇ ಕೋಡ್, ಕೊನೆಯ ಸಾಲು ಮಾತ್ರ ಇಲ್ಲ. "ಏನಾಗುತ್ತದೆ?" ಅಂತ ಕೇಳಿ ನಿಲ್ಲಿಸಿ, ಉತ್ತರ ಐದನೆಯದರಲ್ಲಿರಲಿ. ಪ್ರಶ್ನೆ, ಉತ್ತರ ಎರಡನ್ನೂ ಒಂದೇ ಸ್ಲೈಡಿನಲ್ಲಿ ಹಾಕಿದರೆ ಯಾರೂ ಯೋಚಿಸುವುದಿಲ್ಲ, ಕಣ್ಣು ಸೀದಾ ಕೆಳಗೆ ಓಡುತ್ತದೆ. ಉತ್ತರ: ಸ್ಕ್ರೀನ್ ತುಂಬಾ "ಗುಳಿಗೆ ಒಂದು", ಕೈಯಲ್ಲಿ ಇನ್ನೂ ನಾಲ್ಕೇ ಬೀಜ. ಟರ್ಮಿನಲ್‌ನಲ್ಲಿ ಓಡಿಸುತ್ತಿದ್ದರೆ `Ctrl+C` ಒತ್ತಿ ನಿಲ್ಲಿಸಿ.

ಆರನೆಯದರಲ್ಲಿ `>` ಇದ್ದಲ್ಲಿ `>=` ಮಾಡಿ. ಐದು ಸಾಲು ಬರುತ್ತದೆ. ಇದ್ದದ್ದೇ ನಾಲ್ಕು ಬೀಜ, ಐದನೆಯದು ಎಲ್ಲಿಂದ ಬಂತು? ಈ ಕಳ್ಳಾಟ ಹಿಡಿಯಲು ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನೊಂದು ಕೈಚಳಕ. ಕೋಡ್ ಎಲ್ಲ ಸ್ಲೈಡಿನಲ್ಲೂ ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ಇರಲಿ. ಆಗ ಸರಿಸಿದಾಗ ಬದಲಾದ ಸಾಲು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಮೂಲೆಯಲ್ಲಿ ಸ್ಲೈಡ್ ನಂಬರ್ ಹಾಕಿ, ವಾಟ್ಸಾಪಿನಲ್ಲಿ ಕಳಿಸಿದರೆ ಯಾವುದಾದರೂ ಹಿಂದೆ ಮುಂದೆ ಆಗಬಹುದು.

ಮೂರು ವರ್ಷದಿಂದ ಕೋಡ್ ಬರೆಯುವವರು:
ಎಷ್ಟು ಸಲ ಅಂತ ಮೊದಲೇ ಗೊತ್ತಿದ್ದರೆ `for`, ಗೊತ್ತಿಲ್ಲದಿದ್ದರೆ `while`. ಇಲ್ಲಿ ನಾಲ್ಕು ಅಂತ ಗೊತ್ತಿದೆಯಲ್ಲ? ಸುಮ್ನೆ `for i in range(1, 4)` ಅಂದರೆ ಎರಡೇ ಸಾಲಿನಲ್ಲಿ ಮುಗಿಯುತ್ತದೆ.

ಪ್ರೋಗ್ರಾಮಿಂಗ್ ಕಲಿಸುವವರು:
`for` ಬಳಸಬಹುದು, ಒಪ್ಪಿದೆ. ಆದರೆ ನಿಮ್ಮ ಸಾಲನ್ನು ಓಡಿಸಿ ನೋಡಿ, ಮೂರೇ ಸಲ ಬರುತ್ತದೆ. 4 ಅಂದರೆ ಅಲ್ಲಿಗೆ ಮುಂಚೆ ನಿಲ್ಲು ಅಂತ. `range(4)` ಬೇಕಿತ್ತು, ಅದು 0, 1, 2, 3 ಕೊಡುತ್ತದೆ. ಮೂರು ವರ್ಷ ಬರೆದವರಿಗೇ ಹೀಗಾದರೆ ಏಳನೇ ಕ್ಲಾಸಿಗೆ ಇನ್ನೇನು! ಇನ್ನೊಂದು, `for` ನಲ್ಲಿ ಲೆಕ್ಕವನ್ನು ಅದೇ ನೋಡಿಕೊಳ್ಳುತ್ತದೆ, ಕಳೆಯುವ ಸಾಲೇ ಇಲ್ಲ, ಹಾಗಾಗಿ ಅದನ್ನು ಮರೆತರೆ ಏನಾಗುತ್ತದೆ ಅಂತ ತೋರಿಸಲು ಆಗುವುದಿಲ್ಲ. ಮಗ್ಗಿ ಬರೆಸುವಾಗ `for` ತರೋಣ.

ಮೂರು ವರ್ಷದಿಂದ ಕೋಡ್ ಬರೆಯುವವರು:
ಹೌದು, ಮೂರೇ ಬಂತು 🙈 ಆದರೂ ಮೊದಲು `for` ಕಲಿಸುವುದೇ ಸುಲಭ ಅಂತ ನನಗೆ ಈಗಲೂ ಅನಿಸುತ್ತದೆ. ಸ್ಕ್ರೀನ್ ತುಂಬಾ ಓಡುವುದನ್ನು ನೋಡಿ ಹೆದರುವ ಮಕ್ಕಳೂ ಇರುತ್ತಾರೆ.

ಕರಾವಳಿಯಿಂದ ಒಬ್ಬರು:
ನಮ್ಮ ಕಡೆ ಚೆನ್ನೆಮಣೆ ಅನ್ನುತ್ತೇವೆ. ಅಜ್ಜಿ ಜೊತೆ ಆಡುವಾಗ ಕೈ ಖಾಲಿಯಾದರೆ ಆಟ ನಿಲ್ಲುತ್ತಿರಲಿಲ್ಲ, ಮುಂದಿನ ಗುಳಿಯ ಬೀಜ ಎತ್ತಿಕೊಂಡು ಮುಂದುವರಿಸುತ್ತಿದ್ದೆವು. ಆ ಗುಳಿಯೂ ಖಾಲಿ ಇದ್ದರೆ ಮಾತ್ರ ಸರದಿ ಮುಗಿಯಿತು. ನಿಮ್ಮ ಕೋಡ್ ಪೂರ್ತಿ ಆಟ ಅಲ್ಲ.

ಪ್ರೋಗ್ರಾಮಿಂಗ್ ಕಲಿಸುವವರು:
ಸರಿಯಾಗಿ ಹಿಡಿದಿರಿ. ನೀವು ಹೇಳಿದ್ದು ಲೂಪಿನ ಸುತ್ತ ಇನ್ನೊಂದು ಲೂಪ್: ಒಳಗಿನದು ಕೈ ಖಾಲಿಯಾಗುವ ತನಕ, ಹೊರಗಿನದು ಮುಂದಿನ ಗುಳಿ ಖಾಲಿ ಸಿಗುವ ತನಕ. ಹದಿನಾಲ್ಕು ಗುಳಿಯ ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ಈ ಕ್ಯಾರೊಸೆಲ್‌ಗೆ ತುರುಕಿದರೆ ಮೊದಲನೆಯದೂ ಕೆಡುತ್ತದೆ.

ಇನ್ನೊಬ್ಬ ಟೀಚರ್:
`ಬೀಜ` ಅಂತ ಕನ್ನಡದಲ್ಲೇ ಹೆಸರಿಟ್ಟರೆ ಪೈಥಾನ್ ಒಪ್ಪುತ್ತದಾ? ನಾನು ಒಮ್ಮೆ ಬೇರೇನೋ ಪದ ಹಾಕಿದಾಗ ಬೈದಿತ್ತು.

ಪ್ರೋಗ್ರಾಮಿಂಗ್ ಕಲಿಸುವವರು:
ಪೈಥಾನ್ 3 ಒಪ್ಪುತ್ತದೆ. ಬೈಗುಳದಲ್ಲಿ `U+200C` ಅಂತ ಇತ್ತಾ ನೋಡಿ. ಕೆಲವು ಕೀಬೋರ್ಡುಗಳು ಒತ್ತಕ್ಷರ ಆಗದಂತೆ ತಡೆಯಲು ಪದದ ನಡುವೆ ಕಣ್ಣಿಗೆ ಕಾಣದ ಆ ಅಕ್ಷರ ಸೇರಿಸುತ್ತವೆ, ಹೆಸರಿನಲ್ಲಿ ಅದಕ್ಕೆ ಜಾಗ ಇಲ್ಲ. `ಬೀಜ`, `ಕೈ` ತರಹದ ಪುಟ್ಟ ಹೆಸರಿಗೆ ಈ ಕಾಟ ಇರುವುದಿಲ್ಲ.

ಟೀಚರ್ (ನಾಲ್ಕು ದಿನದ ಮೇಲೆ):
ಮಾಡಿದೆ ಸರ್! ನಾಲ್ಕನೇ ಸ್ಲೈಡಿಗೆ ಗಲಾಟೆಯೋ ಗಲಾಟೆ. ಕೈ ನೋಡುವ ಆಟ ಆದಮೇಲೆ ಅರ್ಧಕ್ಕಿಂತ ಜಾಸ್ತಿ ಮಕ್ಕಳು ತಾವೇ ಬರೆದರು. ಆದರೆ ಕೆಲವರು ಬೀಜ 0 ಆದ ಕ್ಷಣವೇ, ಸುತ್ತಿನ ನಡುವೆಯೇ ಲೂಪ್ ನಿಲ್ಲುತ್ತದೆ ಅಂತ ಹಟ ಹಿಡಿದಿದ್ದಾರೆ. ಇನ್ನೊಬ್ಬಳು ಮೊದಲ ಸಾಲಿನಲ್ಲೇ `ಬೀಜ = 0` ಮಾಡಿ ಓಡಿಸಿದಳು. ಏನೂ ಬರಲಿಲ್ಲ. ಕಂಪ್ಯೂಟರ್ ಕೆಟ್ಟಿದೆ ಅಂತ ಎಲ್ಲರೂ ಸೇರಿ ವೈರ್ ಅಲ್ಲಾಡಿಸಿದರು.

ಪ್ರೋಗ್ರಾಮಿಂಗ್ ಕಲಿಸುವವರು:
ಹಟ ಹಿಡಿದವರಿಗೆ ಏಳನೇ ಸ್ಲೈಡ್:

```python
ಬೀಜ = 4
while ಬೀಜ > 0:
    ಬೀಜ = ಬೀಜ - 1
    print(ಬೀಜ)
```

3, 2, 1, 0 ಬರುತ್ತದೆ. 0 ಆದಮೇಲೂ `print` ನಡೆಯಿತಲ್ಲ? ಸುತ್ತು ಮುಗಿಸಿ ಮೇಲೆ ಹೋದಾಗಲೇ ಅದು ಕೈ ನೋಡುವುದು. ಕೊನೆಯ ಎರಡು ಸಾಲು ಅದಲು ಬದಲು ಮಾಡಿಸಿ, 4, 3, 2, 1 ಬರುತ್ತದೆ.

ಆ ಹುಡುಗಿಯ ಸೊನ್ನೆಯನ್ನು ಎಂಟನೇ ಸ್ಲೈಡ್ ಮಾಡಿ. ಆದರೆ ಲೂಪಿನ ಕೆಳಗೆ, ಮುಂದೆ ಜಾಗ ಬಿಡದೆ, `print("ಕೈ ಖಾಲಿ")` ಅಂತ ಒಂದು ಸಾಲು ಸೇರಿಸಿ. ಆಗ ಒಳಗೆ ಹೋಗದೆಯೇ ದಾಟಿ ಬಂತು ಅಂತ ಅವರಿಗೇ ಕಾಣುತ್ತದೆ, ವೈರೂ ಉಳಿಯುತ್ತದೆ.