ಮಗಳ ಬಯೋಡೇಟಾದಲ್ಲಿ ‘ಮಾತೃಭಾಷೆ: ಕನ್ನಡ’ ಎಂದು ಬರೆಯಬಹುದೇ?

ತೀರ್ಥಹಳ್ಳಿಯವರು, ಈಗ ಸ್ಟುಟ್‌ಗಾರ್ಟ್

ಎಲ್ಲರಿಗೂ ನಮಸ್ಕಾರ. ರಜೆಗೆ ಬಂದಿದ್ದೇವೆ, ತವರುಮನೆಯಿಂದ ಬರೆಯುತ್ತಿದ್ದೇನೆ. ಮಗಳಿಗೆ 15 ವರ್ಷ, ಹುಟ್ಟಿ ಬೆಳೆದದ್ದೆಲ್ಲ ಜರ್ಮನಿಯಲ್ಲಿ. ರಜೆ ಮುಗಿದ ಮೇಲೆ ಶಾಲೆಯವರು ಎರಡು ವಾರ ಎಲ್ಲಾದರೂ ಕೆಲಸ ಕಲಿಯಲು ಕಳುಹಿಸುತ್ತಾರೆ. ಅವಳು ಗ್ರಂಥಾಲಯವೊಂದಕ್ಕೆ ಅರ್ಜಿ ಹಾಕುತ್ತಿದ್ದಾಳೆ. ಭಾಷೆಗಳ ಜಾಗದಲ್ಲಿ ‘ಮಾತೃಭಾಷೆ: ಕೊಂಕಣಿ, ಕನ್ನಡ, ಜರ್ಮನ್. ಇಂಗ್ಲಿಷ್, ಹಿಂದಿ: ನಿರರ್ಗಳ. ಫ್ರೆಂಚ್: ಸಾಧಾರಣ’ ಎಂದು ಬರೆದಿದ್ದಾಳೆ. ನಾನೂ ಓದಿ ಸುಮ್ಮನಿದ್ದೆ.

ಮೊನ್ನೆ ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ನಾನು ನೀರಿನ ಬಾಟಲಿ ತರಲು ಹೋಗಿದ್ದೆ. ಬಂದು ನೋಡಿದರೆ ಇವಳು ಬಸ್ಸಿನ ಬೋರ್ಡಿನ ಎದುರು ನಿಂತು, ಬೆರಳಿನಿಂದ ಗಾಳಿಯಲ್ಲಿ ಅಕ್ಷರ ತಿದ್ದುತ್ತಾ ‘ತೀ, ಥ, ರ’ ಎನ್ನುತ್ತಿದ್ದಾಳೆ. ಥ ಆದ ಮೇಲೆ ಬರೆಯುವ ಅರ್ಕಾವತ್ತನ್ನು ಥಕ್ಕಿಂತ ಮೊದಲೇ ಉಚ್ಚರಿಸಬೇಕು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಕೊನೆಗೆ ಕಂಡಕ್ಟರನ್ನೇ ಕೇಳಿದಳು. ಅವಳ ಮಾತು ಕೇಳಿ ಅವರು ಇಲ್ಲಿಯ ಹುಡುಗಿ ಎಂದೇ ತಿಳಿದು, ಮಳೆಯ ವಿಷಯ ಮಾತನಾಡತೊಡಗಿದರು. ತನ್ನ ಅಜ್ಜಿಯ ಊರಿನ ಹೆಸರನ್ನು ಓದಲಾಗದ ಮಗು ಮಾತೃಭಾಷೆ ಕನ್ನಡ ಎಂದು ಬರೆಯಬಹುದೇ? ಅಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ಸಾಗರದವರು, ಈಗ ಡಲ್ಲಾಸ್

ಇದರಲ್ಲಿ ಕೇಳುವುದೇನಿದೆ ತಂಗಿ? ಮಾತೃಭಾಷೆ ಎಂದರೆ ತಾಯಿಯ ಬಾಯಿಂದ ಬಂದದ್ದು, ಪರೀಕ್ಷೆ ಬರೆದು ಗಳಿಸಿದ್ದಲ್ಲ. ನನ್ನ ಅಜ್ಜಿಗೆ ಸಹಿ ಹಾಕಲು ಬರುತ್ತಿರಲಿಲ್ಲ, ಅವರ ಮಾತೃಭಾಷೆ ಕನ್ನಡವಲ್ಲವೇ? ಕನ್ನಡವನ್ನು ಮೊದಲ ಸಾಲಿನಲ್ಲೇ ಬರೆಸಿ. ನಾವೇ ಕೆಳಗಿಳಿಸಿದರೆ ಮುಂದಿನ ತಲೆಮಾರು ಅಳಿಸಿಯೇ ಹಾಕುತ್ತದೆ. ನನ್ನ ಇಬ್ಬರು ಮಕ್ಕಳಿಗೂ ಹಾಗೆಯೇ ಬರೆಸಿದ್ದೇನೆ.

ಭದ್ರಾವತಿಯವರು, ಈಗ ಮೆಲ್ಬರ್ನ್

ನಮ್ಮ ತಂದೆ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ ಮತ್ತು ಉರ್ದು, ಶಾಲೆಯಲ್ಲಿ ಕನ್ನಡ. ಮೂರನ್ನೂ ಸಲೀಸಾಗಿ ಆಡುತ್ತೇನೆ, ಓದಲು ಬರುವುದು ಕನ್ನಡ ಮಾತ್ರ. ತಂದೆ ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿ ಅವರ ಅಕ್ಕ ತಮಿಳಿನಲ್ಲಿ ಬರೆದ ಹದಿನೈದು ಇಪ್ಪತ್ತು ಇನ್‌ಲ್ಯಾಂಡ್ ಪತ್ರಗಳು ಸಿಕ್ಕವು. ಓದಿಸಲು ಪರಿಚಯದವರ ಮನೆಗೆ ಹೋಗಬೇಕಾಯಿತು. ನಮ್ಮ ಮನೆಯ ಜಗಳವನ್ನೆಲ್ಲ ಹೊರಗಿನವರ ಬಾಯಿಂದ ಕೇಳಿದೆ. ನಿಮ್ಮ ಪ್ರಶ್ನೆಗೆ ಇದು ಉತ್ತರವಲ್ಲ ಎಂದು ಗೊತ್ತು, ಆದರೂ ಹೇಳಬೇಕೆನಿಸಿತು. ಮಗಳಿಗೆ ಅಕ್ಷರ ಕಲಿಸಿ.

ಹೊಸನಗರದವರು, ಈಗ ಮ್ಯೂನಿಕ್

ಅಕ್ಕಾ, ನಾನು ಕಚೇರಿಯಲ್ಲಿ ಅರ್ಜಿಗಳನ್ನು ಜರಡಿ ಹಿಡಿಯುವ ಕೆಲಸದಲ್ಲಿದ್ದೇನೆ, ಆ ಅನುಭವದಿಂದ ಹೇಳುತ್ತೇನೆ. ಜರ್ಮನ್ನರು ಬಯೋಡೇಟಾದಲ್ಲಿ ‘ಮುಟರ್‌ಶ್ಪ್ರಾಖೆ’, ಅಂದರೆ ಮಾತೃಭಾಷೆ, ಎಂಬ ಪದ ಕಂಡರೆ ಮನೆತನದ ವಿಷಯವೆಂದು ಓದುವುದಿಲ್ಲ. ಆ ಭಾಷೆಯಲ್ಲಿ ಪತ್ರ ಕೊಟ್ಟರೆ ಓದುತ್ತಾರೆ, ಉತ್ತರ ಬರೆಯುತ್ತಾರೆ ಎಂದುಕೊಳ್ಳುತ್ತಾರೆ. ಗ್ರಂಥಾಲಯವಂತೂ ಪುಸ್ತಕಗಳ ಜಾಗ. ಕನ್ನಡ ಪುಸ್ತಕವೊಂದನ್ನು ಕೈಗಿತ್ತು ಶೀರ್ಷಿಕೆ ಏನು ಎಂದು ಕೇಳಿದರೆ ಮಗು ತಬ್ಬಿಬ್ಬಾಗುತ್ತದೆ.

ಯುರೋಪಿನ ದೇಶಗಳಲ್ಲಿ ಬಳಸುವ ಯೂರೋಪಾಸ್ ಎಂಬ ಬಯೋಡೇಟಾ ನಮೂನೆಯನ್ನು ತೆರೆದು ನೋಡಿ. ಅದರಲ್ಲಿ ಒಂದೊಂದು ಭಾಷೆಗೂ ಐದು ಮನೆಗಳಿವೆ: ಆಲಿಸುವುದು, ಓದುವುದು, ಎದುರಿನವರೊಡನೆ ಸಂಭಾಷಣೆ, ತಾನೊಬ್ಬಳೇ ನಿಂತು ವಿಷಯ ಹೇಳುವುದು, ಬರೆಯುವುದು. ಪ್ರತಿಯೊಂದಕ್ಕೂ ಎಲ್ಲಕ್ಕಿಂತ ಕೆಳಗಿನ ಎ1ರಿಂದ ಎಲ್ಲಕ್ಕಿಂತ ಮೇಲಿನ ಸಿ2ರವರೆಗೆ ಆರು ಮಟ್ಟ. ಆದರೆ ಮಾತೃಭಾಷೆಯ ಜಾಗದಲ್ಲಿ ಈ ಮನೆಗಳೇ ಇಲ್ಲ, ಹೆಸರು ಬರೆದರೆ ಮುಗಿಯಿತು. ಹಾಗಾಗಿ ಕನ್ನಡವನ್ನು ಅಲ್ಲಿ ಸೇರಿಸಿದರೆ ನಿಜ ಹೇಳಲು ಜಾಗವೇ ಉಳಿಯುವುದಿಲ್ಲ. ‘ಇತರ ಭಾಷೆಗಳು’ ಎಂಬಲ್ಲಿ ಬರೆದರೆ ಐದನ್ನೂ ಬೇರೆ ಬೇರೆಯಾಗಿ ತೋರಿಸಬಹುದು.

ಈಗ ನಿಮ್ಮ ಮಗಳನ್ನೇ ತೆಗೆದುಕೊಳ್ಳೋಣ. ಕಂಡಕ್ಟರ್ ಊರಿನವಳೆಂದು ತಿಳಿದರು ಎಂದಿರಲ್ಲ, ಎದುರಿನವರಿಗೆ ತೊಡಕಿಲ್ಲದಂತೆ ಸರಾಗವಾಗಿ ಮಾತಾಡಿದರೆ ಸಂಭಾಷಣೆ ಬಿ2. ಆಲಿಸುವುದಕ್ಕೂ ಅದೇ ಮಟ್ಟ ಕೊಡುವ ಮೊದಲು ಇವತ್ತು ರಾತ್ರಿ ಟಿವಿಯಲ್ಲಿ ಕನ್ನಡ ವಾರ್ತೆ ಹಾಕಿ, ಏನು ಹೇಳಿದರು ಎಂದು ಕೇಳಿ. ಬಿ2 ಎಂದರೆ ವಾರ್ತೆಯ ಬಹುಪಾಲು ತಿಳಿಯಬೇಕು. ಮನೆಯಲ್ಲಿ ಮಾತ್ರ ಕನ್ನಡ ಕೇಳಿದ ಮಕ್ಕಳಿಗೆ ‘ಸಚಿವ ಸಂಪುಟ’, ‘ಮುಂಗಡಪತ್ರ’, ‘ತಡೆಯಾಜ್ಞೆ’ ಬಂದಲ್ಲೇ ಎಳೆ ತಪ್ಪುತ್ತದೆ. ಹಾಗಾದರೆ ಆಲಿಸುವುದು ಬಿ1. ಓದುವುದರಲ್ಲಿ ಪರಿಚಿತ ಹೆಸರುಗಳು, ಫಲಕದ ಪುಟ್ಟ ಸಾಲುಗಳು ತಿಳಿದರೆ ಎ1. ಬೋರ್ಡಿನ ಊರಿನ ಹೆಸರಲ್ಲೇ ನಿಂತಳು ಎಂದರೆ ಅದಕ್ಕೂ ಇನ್ನೂ ಸ್ವಲ್ಪ ದೂರವಿದೆ. ‘ಅಕ್ಷರ ಕಲಿಯುತ್ತಿದ್ದೇನೆ’ ಎಂದು ಬರೆಯಲಿ.

ಕೊಂಕಣಿ ನಿಜಕ್ಕೂ ಮನೆಮಾತಾದರೆ ‘ಮನೆಯಲ್ಲಿ ಆಡುವ ಭಾಷೆ, ಮಾತು ಮಾತ್ರ’ ಎನ್ನಲಿ. ಕರ್ನಾಟಕದಲ್ಲಿ ಅದನ್ನು ಕನ್ನಡ ಲಿಪಿಯಲ್ಲಿ, ಗೋವಾದಲ್ಲಿ ದೇವನಾಗರಿಯಲ್ಲಿ ಬರೆಯುತ್ತಾರೆ. ಬರೆಯಲು ಬರುವವರು ಯಾವ ಲಿಪಿ ಎಂದು ಸೂಚಿಸಬೇಕು. ಮಾತೃಭಾಷೆಯ ಸಾಲಿನಲ್ಲಿ ಜರ್ಮನ್ ಒಂದೇ ಇರಲಿ. ಅವಳು ಓದಿ, ಬರೆದು, ಯೋಚಿಸುವ ಭಾಷೆ ಅದು.

ಸಾಗರದವರು, ಈಗ ಡಲ್ಲಾಸ್

ಮಾತೃಭಾಷೆ ಜರ್ಮನ್! ತೀರ್ಥಹಳ್ಳಿಯ ಮೊಮ್ಮಗಳ ಮಾತೃಭಾಷೆ ಜರ್ಮನ್! ಈ ಸಾಲನ್ನು ಓದಿ ನನಗೆ ಊಟ ಸೇರಲಿಲ್ಲ. ಯಾವುದೋ ಕಚೇರಿಯವರ ಅನುಕೂಲಕ್ಕೆ ನಮ್ಮ ಹೆಸರನ್ನೇ ಬದಲಿಸಿಕೊಳ್ಳಬೇಕೇ? ಎ, ಬಿ, ಸಿ ಅಂಕ ಕೊಡಲು ಕನ್ನಡವೇನು ವಿದೇಶಿ ಭಾಷೆಯೇ?

ಕೊಪ್ಪದವರು, ಈಗ ಲೀಡ್ಸ್

ಅಣ್ಣ ಹೇಳಿದ್ದೇ ಸರಿ. ನೂರಕ್ಕೆ ನೂರು.

ಶಿಕಾರಿಪುರದವರು, ಈಗ ದುಬೈ

ಸರಿಯಾದ ಮಾತು. ನಾನು ಪ್ರತಿ ಸಲವೂ ಹೇಳುತ್ತೇನೆ, ಭಾನುವಾರದ ಕನ್ನಡ ತರಗತಿಗೆ ಕಳುಹಿಸಿ ಎಂದು. ನಮ್ಮ ಮಗ ಒಂದು ವರ್ಷದಲ್ಲಿ ಕಾಗುಣಿತ ಮುಗಿಸಿದ. ಈಗ ಅಜ್ಜನಿಗೆ ಹುಟ್ಟುಹಬ್ಬದ ಪತ್ರವನ್ನು ಅವನೇ ಬರೆಯುತ್ತಾನೆ.

ಶಿವಮೊಗ್ಗದವರು, ಈಗ ಫ್ರಾಂಕ್‌ಫರ್ಟ್

ನಾನು ನರ್ಸ್. ಭಾಷಾಭಿಮಾನದ ಮಾತಿನ ನಡುವೆ ಮುಖ್ಯ ವಿಷಯ ಕಳೆದುಹೋಗುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಮೊದಲ ಅರ್ಜಿಯಲ್ಲಿ ‘ಜರ್ಮನ್: ಬಿ2’ ಎಂದಷ್ಟೇ ಹಾಕಿದ್ದೆ. ಪರೀಕ್ಷೆಯಲ್ಲಿ ಮಾತಿನ ಭಾಗದಲ್ಲಿ ಒಳ್ಳೆಯ ಅಂಕ, ಬರವಣಿಗೆಯಲ್ಲಿ ದಡ ಸೇರುವಷ್ಟು ಮಾತ್ರ. ವಾರ್ಡಿನಲ್ಲಿ ರೋಗಿಗಳೊಡನೆ ಮಾತಿಗೆ ತೊಂದರೆಯಾಗಲಿಲ್ಲ. ಆದರೆ ಪಾಳಿ ಮುಗಿಯುವಾಗ ರೋಗಿಯ ಸ್ಥಿತಿಯನ್ನು ಬರೆದಿಡಬೇಕು. ಉಳಿದವರು ಹತ್ತು ನಿಮಿಷದಲ್ಲಿ ಬರೆದು ಏಳುತ್ತಿದ್ದರು, ನಾನು ಮುಕ್ಕಾಲು ಗಂಟೆ ಕೂರುತ್ತಿದ್ದೆ. ಮೂರನೆಯ ವಾರ ಮೇಲ್ವಿಚಾರಕಿ ಕರೆದು, ಮೊದಲೇ ಹೇಳಿದ್ದರೆ ಜೊತೆಗೆ ಒಬ್ಬರನ್ನು ಹಾಕುತ್ತಿದ್ದೆ ಎಂದರು. ಮುಂದಿನ ಅರ್ಜಿಯಲ್ಲಿ ‘ಮಾತು ಬಿ2, ಬರವಣಿಗೆ ಬಿ1, ತರಗತಿಗೆ ಹೋಗುತ್ತಿದ್ದೇನೆ’ ಎಂದು ಬಿಡಿಸಿ ಬರೆದೆ. ಸಂದರ್ಶನದಲ್ಲಿ ಅವರೇ ಆ ಸಾಲನ್ನು ಎತ್ತಿ, ತರಗತಿಯ ದಿನಗಳಂದು ಬೆಳಗಿನ ಪಾಳಿ ಕೊಡುವುದಾಗಿ ಹೇಳಿದರು.

ತೀರ್ಥಹಳ್ಳಿಯವರು, ಈಗ ಸ್ಟುಟ್‌ಗಾರ್ಟ್

ಎಲ್ಲರಿಗೂ ವಂದನೆಗಳು. ಡಲ್ಲಾಸಿನ ಅಣ್ಣನ ನೋವು ನನಗೆ ಅರ್ಥವಾಗುತ್ತದೆ, ನನ್ನದೂ ಅದೇ ನೋವು. ನಿನ್ನೆ ರಾತ್ರಿ ಮಗಳನ್ನು ನನ್ನ ಅಪ್ಪನ ಜೊತೆ ಕೂರಿಸಿ ವಾರ್ತೆ ತೋರಿಸಿದೆ. ಮಳೆ, ಭೂಕುಸಿತ, ಶಾಲೆಗೆ ರಜೆ ಎಲ್ಲ ತಿಳಿಯಿತು. ನ್ಯಾಯಾಲಯದ ಸುದ್ದಿ ಬಂದಾಗ ಅಜ್ಜನ ಮುಖ ನೋಡಿದಳು. ‘ಹಾಗಾದರೆ ಬಿ1 ಅಮ್ಮ’ ಎಂದು ತಾನೇ ಹೇಳಿ ತಿದ್ದಿದಳು. ಹಿಂದಿಯಲ್ಲಿ ಸಿನಿಮಾ ನೋಡುತ್ತಾಳೆ, ಮಾತಾಡಿದ್ದೇ ಇಲ್ಲ. ಅದನ್ನೇನು ಮಾಡುವುದು? ಮ್ಯೂನಿಕ್‌ನವರು ಹೇಳಬೇಕು.

ಸಾಗರದವರು, ಈಗ ಡಲ್ಲಾಸ್

ಹಿಂದಿ ಬೇಡವೇ ಬೇಡ. ಕನ್ನಡ ಮೊದಲ ಸಾಲಿಗೆ ಬಂತೇ ಇಲ್ಲವೇ, ಅದನ್ನು ಹೇಳಿ ತಂಗಿ.

ಹೊಸನಗರದವರು, ಈಗ ಮ್ಯೂನಿಕ್

ಅಕ್ಕಾ, ‘ಹಿಂದಿ: ಕೇಳಿದರೆ ತಿಳಿಯುತ್ತದೆ’ ಎಂದಷ್ಟೇ ಬರೆಯಲಿ, ಇಲ್ಲವೇ ಆ ಸಾಲನ್ನೇ ಬಿಡಲಿ. ಫ್ರೆಂಚ್ ಮುಂದೆ ‘ಸಾಧಾರಣ’ ತೆಗೆದು, ಶಾಲೆಯಲ್ಲಿ ಎಷ್ಟನೆಯ ವರ್ಷ ಎಂದು ಹಾಕಿಸಿ. ಶಾಲೆಯ ವರ್ಷಗಳನ್ನು ನೋಡಿದರೆ ಅವರಿಗೆ ಮಟ್ಟ ತಾನಾಗಿ ತಿಳಿಯುತ್ತದೆ.